ಹೊಸ ಪ್ಲಂಬರ್ ಹುಡುಗನ ಚೀಲಕ್ಕೆ ಕಟರ್, ರೀಮರ್
ತಮ್ಮಾ, ಈ ಚೀಲ ಇನ್ನು ನಿನ್ನದು. ಪೈಪ್ ರೆಂಚು, ಅಳತೆ ಟೇಪು, ಮಾರ್ಕರು ಒಳಗಿವೆ. ಅವು ಬಳಸುತ್ತಾ ಬಳಸುತ್ತಾ ಕೈಗೆ ಹತ್ತುತ್ತವೆ. ಹೇಳಬೇಕಾದ್ದು ಕಟರ್, ರೀಮರ್ ಬಗ್ಗೆ.

ಬಿಸಿನೀರಿನ ಸಿಪಿವಿಸಿ ಪೈಪನ್ನೇ ತೆಗೆದುಕೋ. ಅರ್ಧ, ಮುಕ್ಕಾಲು ಇಂಚಿಗೆ ರ್‍ಯಾಚೆಟ್ ಕಟರ್ ಸಾಕು. ಬ್ಲೇಡು ಮೊಂಡಾದರೆ ಅದು ಪೈಪನ್ನು ಅದುಮಿ ಸೀಳುತ್ತದೆ. ಬಿರುಕು ಕಂಡರೆ, ಅದು ಮುಗಿದಲ್ಲಿಂದ 2 ಇಂಚು ಆಚೆಗೆ ಮತ್ತೆ ಕತ್ತರಿಸು. ಹಳೆಯ, ಗಡುಸಾದ ಪೈಪಿಗೆ ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡೇ ವಾಸಿ.

ಕತ್ತರಿಸಿದ ಮೇಲೆ ರೀಮರ್ ಹಿಡಿ. ಒಳಗಿನ ಸಿಪ್ಪೆ ಉಳಿದರೆ ನೀರಿನ ಜೊತೆ ಹೋಗಿ ನಲ್ಲಿಯ ಜಾಲರಿಯಲ್ಲಿ ಕೂರುತ್ತದೆ. ಹೊರ ಅಂಚು ಇನ್ನೂ ಮುಖ್ಯ, ಅವಸರದಲ್ಲಿ ಬಿಟ್ಟುಹೋಗುವುದೂ ಅದೇ. ಚೂಪಾದ ಅಂಚು ಫಿಟ್ಟಿಂಗಿನೊಳಗೆ ಇಳಿಯುವಾಗ ಹಚ್ಚಿದ ಸಾಲ್ವೆಂಟನ್ನು ಕೆರೆದು ಮುಂದೆ ತಳ್ಳುತ್ತದೆ. ಆ ಜಾಗ ಒಣಗಿಯೇ ಉಳಿಯುತ್ತದೆ, ಪ್ರೆಶರ್ ಟೆಸ್ಟಿನಲ್ಲಿ ಹನಿಯುತ್ತದೆ. ಅದಕ್ಕೇ ಅಂಚನ್ನು ಸುತ್ತಲೂ ಸ್ವಲ್ಪ ಓರೆ ಮಾಡಿ, ಪುಡಿ ಒರೆಸಿಬಿಡು.

ಸಾಲ್ವೆಂಟ್ ಹಚ್ಚಿದ ಕೂಡಲೇ ಪೈಪನ್ನು ಕಾಲು ಸುತ್ತು ತಿರುಗಿಸುತ್ತಾ ತಳದವರೆಗೆ ಒತ್ತಿ, ಹಿಂದೆ ಸರಿಯದಂತೆ ಸ್ವಲ್ಪ ಹೊತ್ತು ಹಿಡಿ. ಫಿಟ್ಟಿಂಗಿನ ಬಾಯಿಯ ಸುತ್ತ ಸಾಲ್ವೆಂಟಿನ ಸಣ್ಣ ಉಂಗುರ ಪೂರ್ತಿ ಕಾಣಬೇಕು. ಎಲ್ಲಾದರೂ ತುಂಡಾಗಿದ್ದರೆ ಮೇಲೆ ಬಳಿದು ಮುಚ್ಚಬೇಡ. ಆ ಜಾಯಿಂಟನ್ನು ಕತ್ತರಿಸಿ ತೆಗೆದು ಹೊಸ ಫಿಟ್ಟಿಂಗ್ ಹಾಕು.