ವರ್ಷದ ಕೊನೆಗೆ ಉಳಿದ ಹಣ ಯಾರದು?

ನಮ್ಮ ಮಾಮು ಮತ್ತು ಅವರ ಐದು ಜನ ಗೆಳೆಯರು ಕುರುಗೋಡಿನಲ್ಲಿ ಬಡ ಮಕ್ಕಳಿಗಾಗಿ ಒಂದು ಟ್ಯೂಷನ್ ಕೇಂದ್ರ ತೆರೆಯಬೇಕೆಂದಿದ್ದಾರೆ. ಅದನ್ನು ಕಂಪನಿಯಾಗಿ ನೋಂದಾಯಿಸುವ ಮಾತು ಬಂದಾಗ ಮಾಮು ನನ್ನನ್ನು ಕೇಳಿದರು: "ನೀನು ಕಾಮರ್ಸ್ ಓದ್ತೀಯಲ್ಲ, ವರ್ಷದ ಕೊನೆಗೆ ದುಡ್ಡು ಉಳಿದ್ರೆ ನಾವು ಆರು ಜನ ಹಂಚ್ಕೋಬಹುದಾ?" ನನಗೆ ಉತ್ತರ ಗೊತ್ತಿರಲಿಲ್ಲ. ನಮ್ಮ ಉಪನ್ಯಾಸಕರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಶಿಕ್ಷಣ, ದಾನಧರ್ಮ, ಕಲೆ, ಕ್ರೀಡೆಯಂಥ ಉದ್ದೇಶಕ್ಕೆ ಕಂಪನಿ ಕಟ್ಟಲು 2013ರ ಕಂಪನಿ ಕಾಯ್ದೆಯ 8ನೇ ಕಲಂ ಅವಕಾಶ ಕೊಡುತ್ತದೆ. ಇದಕ್ಕೆ ಪರವಾನಗಿ ಬೇಕು. ಅರ್ಜಿಯ ಜೊತೆ ಮುಂದಿನ ಮೂರು ವರ್ಷಗಳ ಅಂದಾಜು ಆದಾಯ, ಖರ್ಚಿನ ಪಟ್ಟಿ ಕೊಡಬೇಕು. ಪರವಾನಗಿ ಸಿಕ್ಕರೆ ಹೆಸರಿನ ಕೊನೆಗೆ 'ಲಿಮಿಟೆಡ್' ಎಂದು ಬರೆಯಬೇಕಿಲ್ಲ. ನೋಂದಣಿ ಸಂಖ್ಯೆಯಲ್ಲಿ NPL ಎಂಬ ಅಕ್ಷರಗಳಿದ್ದರೆ ಅದು ಇಂಥ ಕಂಪನಿ ಎಂದು ಗುರುತಿಸಬಹುದು.

ಇಂಥ ಕಂಪನಿ ಲಾಭ ಮಾಡಲೇಬಾರದು ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ಶುಲ್ಕ ಪಡೆಯಬಹುದು, ಹಣ ಉಳಿಸಬಹುದು. ಆದರೆ ಉಳಿದದ್ದನ್ನು ಅದೇ ಉದ್ದೇಶಕ್ಕೆ ಬಳಸಬೇಕು, ಸದಸ್ಯರಿಗೆ ಲಾಭಾಂಶ ಕೊಡುವಂತಿಲ್ಲ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ಫೌಂಡೇಶನ್ 2001ರಲ್ಲಿ ಲಾಭರಹಿತ ಕಂಪನಿಯಾಗಿ ಆರಂಭವಾಯಿತು. ಆಗ ಇದ್ದದ್ದು ಹಳೆಯ ಕಾಯ್ದೆಯ 25ನೇ ಕಲಂ. ವಿಪ್ರೊ ತನ್ನ ಷೇರುದಾರರಿಗೆ ಲಾಭಾಂಶ ಕೊಡಬಹುದು, ಇಂಥ ಫೌಂಡೇಶನ್ ತನ್ನ ಸದಸ್ಯರಿಗೆ ಕೊಡುವಂತಿಲ್ಲ.

ಮಾಮು ಅವರ ಲೆಕ್ಕವನ್ನೇ ನೋಡೋಣ. ವರ್ಷಕ್ಕೆ 60,000 ರೂಪಾಯಿ ಉಳಿಯಿತು ಎನ್ನಿ. ಆರು ಜನ ತಲಾ 10,000 ತೆಗೆದುಕೊಂಡರೆ ಅದು ನೇರ ಉಲ್ಲಂಘನೆ. ಇನ್ನೊಂದು ದಾರಿ ಮೇಲ್ನೋಟಕ್ಕೆ ಕಾಣುವುದಿಲ್ಲ. ಕೇಂದ್ರ ನಡೆಯುವುದು ಮಾಮು ಅವರ ಮನೆಯ ಮುಂದಿನ ಕೋಣೆಯಲ್ಲಿ. ಸದಸ್ಯನ ಜಾಗಕ್ಕೆ ನ್ಯಾಯವಾದ ಬಾಡಿಗೆ, ಅವನು ಕೊಟ್ಟ ಸಾಲಕ್ಕೆ ನ್ಯಾಯವಾದ ಬಡ್ಡಿ, ಕೈಯಿಂದ ಹಾಕಿದ ಖರ್ಚು ಇವನ್ನು ಕಂಪನಿ ಕೊಡಬಹುದು. ಆ ಓಣಿಯಲ್ಲಿ ಬಾಡಿಗೆ 3,000 ಇದ್ದಾಗ 8,000 ಎಂದು ಬರೆದರೆ, ತಿಂಗಳಿಗೆ 5,000ದಂತೆ ವರ್ಷಕ್ಕೆ ಅದೇ 60,000 ಹೋಯಿತು. ಪುಸ್ತಕದಲ್ಲಿ ಉಳಿಕೆ ಸೊನ್ನೆ, ಹಣ ಮಾತ್ರ ಸದಸ್ಯನ ಜೇಬಿನಲ್ಲಿ. ಲೆಕ್ಕ ನೋಡುವವರು ಹಣ ಪಡೆದವರ ಹೆಸರನ್ನು ಸದಸ್ಯರ ಪಟ್ಟಿಗೆ ಹೋಲಿಸಿ, ಬಾಡಿಗೆ ಊರಿನ ದರಕ್ಕೆ ಸರಿಯಿದೆಯೇ ಎಂದು ಕೇಳುವುದು ಇದಕ್ಕೇ.

ಷರತ್ತು ಮುರಿದರೆ, ಕಂಪನಿಯ ಮಾತು ಕೇಳಿದ ಮೇಲೆ ಪರವಾನಗಿ ರದ್ದು ಮಾಡಬಹುದು. ಕಂಪನಿಗೆ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡವಿದೆ. ಮುಚ್ಚಿದಾಗಲೂ ಸಾಲ ತೀರಿಸಿ ಉಳಿದ ಆಸ್ತಿ ಸದಸ್ಯರಿಗೆ ಬರುವುದಿಲ್ಲ. ಅದು ಇಂಥದೇ ಉದ್ದೇಶದ ಇನ್ನೊಂದು ಕಂಪನಿಗೆ ಹೋಗಬಹುದು.

ಇದನ್ನೆಲ್ಲ ಹೇಳಿದಾಗ ಮಾಮು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಂಗಾದ್ರೆ ಬಾಡಿಗೆ 3,000 ಅಂತಾನೇ ಬರಿ. ಉಳಿದಿದ್ರಲ್ಲಿ ಬೆಂಚು ಮಾಡಿಸೋಣ" ಎಂದರು.