48 ಅಂಕಿಗಳ ಚೀಟಿ

2006ರ ಮೇ ತಿಂಗಳ ಆರಂಭದಲ್ಲಿ ಅಮೆರಿಕದ ಮೇರಿಲ್ಯಾಂಡ್‌ನ ಒಂದು ಮನೆಗೆ ಕಳ್ಳರು ನುಗ್ಗಿ ಲ್ಯಾಪ್‌ಟಾಪ್ ಮತ್ತು ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಹೊತ್ತೊಯ್ದರು. ಆ ಮನೆ ಅಲ್ಲಿನ ಮಾಜಿ ಸೈನಿಕರ ಇಲಾಖೆಯ ನೌಕರನೊಬ್ಬನದು. ಕಚೇರಿಯ ಮಾಹಿತಿಯನ್ನು ಮನೆಗೆ ತಂದಿಟ್ಟುಕೊಂಡಿದ್ದ. ಸುಮಾರು 2 ಕೋಟಿ 65 ಲಕ್ಷ ಜನರ ಹೆಸರು, ಹುಟ್ಟಿದ ದಿನಾಂಕ, ಸೋಶಿಯಲ್ ಸೆಕ್ಯುರಿಟಿ ಸಂಖ್ಯೆಗಳು ಹಾಗೆಯೇ ಬಯಲಾಗಿ ಬಿದ್ದಿದ್ದವು, ಎನ್‌ಕ್ರಿಪ್ಷನ್ ಇರಲಿಲ್ಲ. ಜೂನ್ ಕೊನೆಗೆ ಕದ್ದ ಮಾಲು ಸಿಕ್ಕಿತು. ಒಳಗಿನದನ್ನು ಯಾರೂ ತೆರೆದು ನೋಡಿದಂತಿಲ್ಲ ಎಂದು ಎಫ್‌ಬಿಐ ಹೇಳಿತು. ಆದರೂ ಮೊಕದ್ದಮೆಗಳನ್ನು ಮುಗಿಸಿಕೊಳ್ಳಲು 2009ರಲ್ಲಿ ಸರ್ಕಾರ 2 ಕೋಟಿ ಡಾಲರ್ ಕೊಡಲು ಒಪ್ಪಬೇಕಾಯಿತು.

ಇದಕ್ಕೆ ತೀರಾ ಉಲ್ಟಾ ಕಥೆ ಸ್ಟೀಫನ್ ಥಾಮಸ್ ಎಂಬ ಪ್ರೋಗ್ರಾಮರ್‌ನದು. ಅವರ 7,002 ಬಿಟ್‌ಕಾಯಿನ್‌ಗಳ ಕೀಲಿ ಐರನ್‌ಕೀ ಎಂಬ ಎನ್‌ಕ್ರಿಪ್ಟ್ ಆದ ಡ್ರೈವ್‌ನೊಳಗಿದೆ. ಅದರ ಪಾಸ್‌ವರ್ಡ್ ಬರೆದಿಟ್ಟ ಕಾಗದ ಕಳೆದುಹೋಯಿತು. ಹತ್ತು ಸಲ ತಪ್ಪಿದರೆ ಒಳಗಿನದೆಲ್ಲ ಶಾಶ್ವತವಾಗಿ ಮುಚ್ಚಿಹೋಗುವ ಸಾಧನ ಅದು. 2021ರ ಜನವರಿಯಲ್ಲಿ ಈ ಸುದ್ದಿ ಜಗತ್ತಿಗೆ ತಿಳಿದಾಗ ಎಂಟು ಪ್ರಯತ್ನಗಳು ಮುಗಿದಿದ್ದವು.

ಬೀಗವೇ ಇಲ್ಲದ್ದು ಒಂದು ಅನಾಹುತ, ಬೀಗವಿದ್ದೂ ಕೀಲಿ ಇಲ್ಲದ್ದು ಇನ್ನೊಂದು. ಬ್ಯಾಕಪ್ ಡ್ರೈವ್‌ಗೆ ಎರಡರ ಭಯವೂ ಇದೆ. ಅಂಗೈಯಗಲದ ಆ ಪೆಟ್ಟಿಗೆಯಲ್ಲಿ ಇಡೀ ಲ್ಯಾಪ್‌ಟಾಪಿನ ಜೀವನವಿರುತ್ತದೆ, ಕಿಸೆಗೆ ಹಾಕಿಕೊಂಡು ಯಾರಾದರೂ ನಡೆಯಬಹುದು. ಅದರ ಅಗತ್ಯ ಬೀಳುವುದು ಲ್ಯಾಪ್‌ಟಾಪ್ ಸತ್ತ ದಿನ ಅಥವಾ ಕಳುವಾದ ದಿನ. ಆ ದಿನ ಲ್ಯಾಪ್‌ಟಾಪಿನೊಳಗಿದ್ದ ಏನೂ ಕೈಗೆ ಸಿಗುವುದಿಲ್ಲ. ಕೀಲಿಯನ್ನು ಎಲ್ಲಿಡಬೇಕು ಎಂಬ ಪ್ರಶ್ನೆಗೆಲ್ಲ ಉತ್ತರ ಹುಟ್ಟುವುದು ಇಲ್ಲಿಂದಲೇ.

ಹುಬ್ಬಳ್ಳಿಯ ಒಬ್ಬ ತೆರಿಗೆ ಸಲಹೆಗಾರ್ತಿಯನ್ನು ಊಹಿಸಿಕೊಳ್ಳೋಣ. ಅವರ 1 ಟಿಬಿ ಹಾರ್ಡ್‌ಡಿಸ್ಕ್‌ನಲ್ಲಿ ನಾಲ್ಕು ವರ್ಷಗಳ ಗ್ರಾಹಕರ ಪ್ಯಾನ್, ಆಧಾರ್ ಪ್ರತಿಗಳು, ಬ್ಯಾಂಕ್ ಸ್ಟೇಟ್‌ಮೆಂಟ್‌ಗಳು, ಜೊತೆಗೆ ಮಗಳ ಬಾಲ್ಯದ ಫೋಟೊಗಳಿವೆ. ಲ್ಯಾಪ್‌ಟಾಪ್‌ನಲ್ಲಿರುವುದು ವಿಂಡೋಸ್ ಪ್ರೊ. ಅದರಲ್ಲಿ ಬಿಟ್‌ಲಾಕರ್ ಅಂತರ್ಗತವಾಗಿ ಬರುತ್ತದೆ. ವಿಂಡೋಸ್ ಹೋಮ್‌ನಲ್ಲಿ ಎಕ್ಸ್‌ಟರ್ನಲ್ ಡ್ರೈವ್‌ಗೆ ಬಿಟ್‌ಲಾಕರ್ ಹಾಕಲು ಬರುವುದಿಲ್ಲ, ಆದರೆ ಬೇರೆ ಕಡೆ ಹಾಕಿಕೊಂಡು ಬಂದ ಡ್ರೈವ್ ಅನ್ನು ತೆರೆಯಬಹುದು. ಈ ವ್ಯತ್ಯಾಸ ಮುಂದೆ ಉಪಯೋಗಕ್ಕೆ ಬರುತ್ತದೆ.

ಅವರು ಡ್ರೈವ್ ಚುಚ್ಚಿ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ `Turn on BitLocker` ಆರಿಸುತ್ತಾರೆ. ಮೊದಲು ಪಾಸ್‌ವರ್ಡ್ ಕೇಳುತ್ತದೆ. ಎಂಟು ಅಕ್ಷರವಾದರೂ ಇರಬೇಕೆಂದು ವಿಂಡೋಸ್ ಹೇಳುತ್ತದೆ, ಅಷ್ಟು ಸಾಲದು. ಥಾಮಸ್ ಅವರ ಡ್ರೈವ್‌ನಂತೆ ಇಲ್ಲಿ ಹತ್ತು ಸಲದ ಮಿತಿ ಇಲ್ಲ. ಕದ್ದವನು ಡ್ರೈವ್‌ನ ಪ್ರತಿ ತೆಗೆದುಕೊಂಡು ತಿಂಗಳುಗಟ್ಟಲೆ ಪಾಸ್‌ವರ್ಡ್‌ಗಳನ್ನು ಪ್ರಯತ್ನಿಸಬಹುದು. ಒಂದೊಂದು ಪ್ರಯತ್ನಕ್ಕೂ ಹತ್ತು ಲಕ್ಷಕ್ಕಿಂತ ಹೆಚ್ಚು ಸಲ ಒಂದೇ ಲೆಕ್ಕವನ್ನು ಸುತ್ತಿಸಬೇಕಾದ ಏರ್ಪಾಡನ್ನು ಬಿಟ್‌ಲಾಕರ್ ಮಾಡಿದೆ. ಅದು ಅವನನ್ನು ನಿಧಾನಗೊಳಿಸುತ್ತದೆಯೇ ಹೊರತು, ಮಗಳ ಹೆಸರಿನ ಮುಂದೆ 123 ಸೇರಿಸಿದ ಪಾಸ್‌ವರ್ಡ್ ಅನ್ನು ಕಾಪಾಡುವುದಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಜೋಡಿಸುವುದು ಒಳ್ಳೆಯದು. ಹುಣಸೆ, ಗಡಿಯಾರ, ಏಣಿ ಎಂಬಂಥ ಕನ್ನಡ ಪದಗಳೇ ಆದರೂ ಸರಿ, ಗಾದೆಯೋ ಹಾಡಿನ ಸಾಲೋ ಆಗಬಾರದು.

ಎಷ್ಟು ಭಾಗ ಎನ್‌ಕ್ರಿಪ್ಟ್ ಮಾಡಬೇಕು ಎಂದು ಮುಂದಿನ ಪ್ರಶ್ನೆಗಳಲ್ಲೊಂದು ಕೇಳುತ್ತದೆ. ಹೊಸ ಡ್ರೈವ್ ಆಗಿದ್ದರೆ ಬಳಸಿದ ಜಾಗ ಮಾತ್ರ ಸಾಕು. ಈ ಡ್ರೈವ್ ನಾಲ್ಕು ವರ್ಷ ಹಳೆಯದು. ಡಿಲೀಟ್ ಮಾಡಿದ ಹಳೆಯ ಕಡತಗಳ ಅಚ್ಚು ಖಾಲಿ ಎಂದು ಕಾಣುವ ಜಾಗದಲ್ಲಿ ಇನ್ನೂ ಉಳಿದಿರುತ್ತದೆ. ಆದ್ದರಿಂದ ಪೂರ್ತಿ ಡ್ರೈವ್ ಆರಿಸುವುದೇ ಸರಿ. ಬೇರೆ ಬೇರೆ ಕಂಪ್ಯೂಟರ್‌ಗಳಿಗೆ ಓಡಾಡುವ ಡ್ರೈವ್‌ಗೆ `Compatible mode`. ಒಂದೊಂದು ಭಾಗವನ್ನೂ ಓದಿ ಮತ್ತೆ ಬರೆಯಬೇಕಾದ ಕಾರಣ, ಸೆಕೆಂಡಿಗೆ 100 ಎಂಬಿ ವೇಗದ ಡಿಸ್ಕ್‌ಗೆ ಐದಾರು ಗಂಟೆ ಹಿಡಿಯುತ್ತದೆ. ರಾತ್ರಿ ಚಾರ್ಜರ್ ಹಾಕಿ ಬಿಡುವುದು ಅನುಕೂಲ. ನಡುವೆ ತೆಗೆಯಲೇಬೇಕಾದರೆ ಮೊದಲು `Pause` ಒತ್ತಬೇಕು, ಇಲ್ಲವಾದರೆ ಕಡತಗಳು ಕೆಡಬಹುದು.

ಪಾಸ್‌ವರ್ಡ್ ಆದ ಕೂಡಲೇ ಬರುವ ಪರದೆಯನ್ನು ಮಾತ್ರ ಬಹಳಷ್ಟು ಜನ ಅವಸರದಲ್ಲಿ ದಾಟಿಬಿಡುತ್ತಾರೆ. ರಿಕವರಿ ಕೀಯನ್ನು ಎಲ್ಲಿ ಉಳಿಸಲಿ ಎಂದು ಅದು ಕೇಳುತ್ತದೆ. ಮೈಕ್ರೋಸಾಫ್ಟ್ ಖಾತೆಯಲ್ಲೋ, ಒಂದು ಫೈಲ್ ಆಗಿಯೋ, ಮುದ್ರಿಸಿದ ಕಾಗದವಾಗಿಯೋ?

ಕಡತಗಳನ್ನು ಮುಚ್ಚುವುದು ಕಂಪ್ಯೂಟರೇ ಹುಟ್ಟಿಸಿದ ಒಂದು ಗುಪ್ತ ಸಂಖ್ಯೆ. ಆ ಸಂಖ್ಯೆಯನ್ನು ತೆರೆಯಲು ಪಾಸ್‌ವರ್ಡ್ ಒಂದು ದಾರಿ, ರಿಕವರಿ ಕೀ ಇನ್ನೊಂದು ದಾರಿ. ಒಂದೇ ಕೋಣೆಗೆ ಎರಡು ಬಾಗಿಲುಗಳಿದ್ದ ಹಾಗೆ. ಪಾಸ್‌ವರ್ಡ್ ಬದಲಿಸಿದರೂ ಹಳೆಯ ರಿಕವರಿ ಕೀ ನಡೆಯುತ್ತಲೇ ಇರುತ್ತದೆ. ಪಾಸ್‌ವರ್ಡ್ ಮರೆತರೂ ಎರಡನೆಯ ಬಾಗಿಲು ಇರುತ್ತದೆ. ಎರಡೂ ಹೋದರೆ ಮೂರನೆಯದಿಲ್ಲ, ಅದನ್ನು ತಯಾರಿಸಿದ ಕಂಪನಿಗೂ ಇಲ್ಲ. ಡಿಸ್ಕ್ ಕೆಟ್ಟು ಡೇಟಾ ರಿಕವರಿ ಮಾಡುವವರ ಬಳಿ ಒಯ್ದರೂ ಅವರು ಮೊದಲು ಕೇಳುವುದು ಈ ಕೀಲಿಯನ್ನೇ.

ಕೀಲಿಯಲ್ಲಿ 48 ಅಂಕಿಗಳಿರುತ್ತವೆ, ಆರಾರರ ಎಂಟು ಗುಂಪುಗಳಾಗಿ. ಕೈಯಲ್ಲಿ ಬರೆದುಕೊಳ್ಳುವವರಿಗೆ ಅದರೊಳಗೆ ಒಂದು ಸಹಾಯ ಅಡಗಿದೆ. ಪ್ರತಿಯೊಂದು ಗುಂಪೂ 11ರಿಂದ ಶೇಷವಿಲ್ಲದೆ ಭಾಗವಾಗಬೇಕು. ಗುಂಪು 343750 ಎಂದಿರಲಿ. ಒಂದು, ಮೂರು, ಐದನೆಯ ಅಂಕಿಗಳನ್ನು ಕೂಡಿದರೆ 3, 3, 5 ಸೇರಿ 11. ಉಳಿದವನ್ನು ಕೂಡಿದರೆ 4, 7, 0 ಸೇರಿ ಮತ್ತೆ 11. ಎರಡರ ವ್ಯತ್ಯಾಸ ಸೊನ್ನೆ, 11 ಅಥವಾ 22 ಬಂದರೆ ಗುಂಪು ಸರಿ. ಅವಸರದಲ್ಲಿ 7 ಅನ್ನು 1 ಎಂದು ಬರೆದರೆ ಎರಡನೆಯ ಮೊತ್ತ 5 ಆಗುತ್ತದೆ, ವ್ಯತ್ಯಾಸ 6, ತಪ್ಪು ಅಲ್ಲೇ ಹಿಡಿಯಿತು. ಪಕ್ಕಪಕ್ಕದ ಎರಡು ಅಂಕಿಗಳು ಅದಲು ಬದಲಾದರೂ ಸಿಕ್ಕಿಬೀಳುತ್ತದೆ. ಒಂದು ಅಂಕಿ ಬಿಟ್ಟು ಇನ್ನೊಂದರ ಜೊತೆ ಅದಲು ಬದಲಾದರೆ ಮಾತ್ರ ಈ ಪರೀಕ್ಷೆಗೆ ಗೊತ್ತಾಗುವುದಿಲ್ಲ, 373450 ಎಂದು ಬರೆದಿದ್ದರೂ ಮೊತ್ತಗಳು ಅವೇ. ಹೀಗಾಗಿ ಎಂಟು ಗುಂಪುಗಳ ಲೆಕ್ಕ ಮುಗಿದ ಮೇಲೆ ಇನ್ನೊಬ್ಬರು ಪರದೆಯಿಂದ ಗಟ್ಟಿಯಾಗಿ ಓದಿ ತಾಳೆ ನೋಡುವುದು ಬೇಕು.

ಇನ್ನು ಎಲ್ಲಿಡುವುದು? ಫೈಲ್ ಆಗಿ ಉಳಿಸಿದವರು ಸಾಮಾನ್ಯವಾಗಿ ಲ್ಯಾಪ್‌ಟಾಪಿನ `Documents` ಫೋಲ್ಡರ್‌ನಲ್ಲಿ ಇಡುತ್ತಾರೆ. ಆ ಫೋಲ್ಡರ್ ರಾತ್ರಿ ಬ್ಯಾಕಪ್ ಡ್ರೈವ್‌ಗೂ ನಕಲಾಗುತ್ತದೆ. ಕೀಲಿ ಎರಡು ಕಡೆ ಇದೆ ಎಂಬ ಧೈರ್ಯ ಮೂಡುತ್ತದೆ. ಲ್ಯಾಪ್‌ಟಾಪ್ ಸತ್ತಾಗ ಒಂದು ಪ್ರತಿ ಅದರ ಜೊತೆಗೇ ಹೋಗುತ್ತದೆ, ಇನ್ನೊಂದು ಅದೇ ಕೀಲಿಯಿಂದ ತೆರೆಯಬೇಕಾದ ಪೆಟ್ಟಿಗೆಯೊಳಗಿರುತ್ತದೆ.

ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿಸಿದರೆ ಯಾವ ಕಂಪ್ಯೂಟರಿನಿಂದಲಾದರೂ `aka.ms/myrecoverykey` ಎಂದು ಹಾಕಿ ತೆಗೆದುಕೊಳ್ಳಬಹುದು. ಅನುಕೂಲವೇ. ಆದರೆ ಖಾತೆಗೆ ಹೊಕ್ಕಲು ಫೋನಿಗೆ ಓಟಿಪಿ ಬರುತ್ತದೆ. ಲ್ಯಾಪ್‌ಟಾಪ್ ಚೀಲದ ಜೊತೆ ಫೋನೂ ಕಳುವಾದರೆ, ಹೊಸ ಸಿಮ್ ಕೈಗೆ ಬರುವವರೆಗೆ ಕಾಯಬೇಕು. ಇದೊಂದೇ ಪ್ರತಿಯಾಗಿರಬಾರದು ಎನ್ನುವುದಕ್ಕೆ ಅಷ್ಟು ಸಾಕು.

ಹೀಗಾಗಿ ಕಾಗದವೇ ಮೇಲು. ಸಲಹೆಗಾರ್ತಿ ಎರಡು ಪ್ರತಿ ಮಾಡುತ್ತಾರೆ. ಒಂದು ಅವರ ಬ್ಯಾಂಕ್ ಲಾಕರ್‌ಗೆ, ಇನ್ನೊಂದು ಮುಚ್ಚಿದ ಲಕೋಟೆಯಲ್ಲಿ ಗದಗದ ತವರುಮನೆಗೆ. ಡ್ರೈವ್ ಇರುವ ಬೀರುವಿನಲ್ಲಿ ಮಾತ್ರ ಇಡುವುದಿಲ್ಲ, ಏಕೆಂದರೆ ಕಳ್ಳ ಬೀರು ಒಡೆದರೆ ಎರಡೂ ಒಟ್ಟಿಗೆ ಸಿಗುತ್ತವೆ. ಡ್ರೈವ್ ಇಲ್ಲದ ಜಾಗದಲ್ಲಿ ಆ 48 ಅಂಕಿಗಳಿಂದ ಯಾರಿಗೂ ಏನೂ ಲಾಭವಿಲ್ಲ. ಬಾಲ್‌ಪೆನ್ನಿನ ಬರಹ ಅಥವಾ ಲೇಸರ್ ಮುದ್ರಣ ವರ್ಷಗಟ್ಟಲೆ ಉಳಿಯುತ್ತದೆ. ಇಂಕ್‌ಜೆಟ್ ಮುದ್ರಣ ಮಳೆಗಾಲದ ತೇವಕ್ಕೆ ಹರಡಬಹುದು. ಅಂಗಡಿಯ ಬಿಲ್ಲಿನಂಥ ಥರ್ಮಲ್ ಕಾಗದ ಮಾಸಿಹೋಗುತ್ತದೆ, ಲ್ಯಾಮಿನೇಷನ್ ಮಾಡಿಸಲು ಹೋದರೆ ಬಿಸಿಗೆ ಪೂರ್ತಿ ಕಪ್ಪಾಗುತ್ತದೆ. ಚೀಟಿಯ ಫೋಟೊ ತೆಗೆದು ವಾಟ್ಸಾಪಿನಲ್ಲಿ ಗಂಡನಿಗೆ ಕಳಿಸುವುದು ಕೂಡ ಬೇಡ. ಆ ಚಿತ್ರ ಎರಡು ಫೋನುಗಳ ಗ್ಯಾಲರಿಗೂ ಅಲ್ಲಿಂದ ಕ್ಲೌಡ್‌ಗೂ ತಾನೇ ಹೋಗಿ ಕೂರುತ್ತದೆ.

ಚೀಟಿಯಲ್ಲಿ ಅಂಕಿಗಳ ಜೊತೆಗೆ ಕೀಲಿಯ ಗುರುತಿನ ಮೊದಲ ಎಂಟು ಅಕ್ಷರಗಳನ್ನೂ ದಿನಾಂಕವನ್ನೂ ಬರೆಯಬೇಕು. ಮೂರು ಡ್ರೈವ್ ಇರುವ ಮನೆಯಲ್ಲಿ ಯಾವ ಚೀಟಿ ಯಾವುದರದು ಎಂದು ತಿಳಿಯುವುದು ಅದರಿಂದಲೇ. ಕೀಲಿ ಕೇಳುವ ಪರದೆಯಲ್ಲೂ ಅದೇ ಗುರುತು ಕಾಣುತ್ತದೆ. ಡ್ರೈವ್ ತೆರೆದಿರುವಾಗ, ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಈ ಸಾಲು ಹಾಕಿದರೆ ಗುರುತೂ ಕೀಲಿಯೂ ಮತ್ತೆ ಕಾಣುತ್ತವೆ. `E:` ಬದಲು ಆ ಡ್ರೈವ್‌ನ ಅಕ್ಷರ ಹಾಕಬೇಕು.

```
manage-bde -protectors -get E:
```

ಚೀಟಿ ಕಳೆದಿದ್ದರೆ, ಅಥವಾ ಬೇರೆಯವರ ಕಣ್ಣಿಗೆ ಬಿದ್ದ ಅನುಮಾನವಿದ್ದರೆ ಇಡೀ ಡ್ರೈವ್ ಅನ್ನು ಮತ್ತೆ ಎನ್‌ಕ್ರಿಪ್ಟ್ ಮಾಡುವ ಅಗತ್ಯವಿಲ್ಲ. ಡ್ರೈವ್ ತೆರೆದಿರುವಾಗ ಹಳೆಯ ಕೀಲಿಯನ್ನು ಅಳಿಸಿ ಹೊಸದನ್ನು ಹುಟ್ಟಿಸಿದರೆ ಹಳೆಯ ಚೀಟಿ ಅದಕ್ಕೆ ಕೆಲಸಕ್ಕೆ ಬಾರದು.

```
manage-bde -protectors -delete E: -type RecoveryPassword
manage-bde -protectors -add E: -RecoveryPassword
```

ಹೊಸ ಅಂಕಿಗಳು ಪರದೆಯ ಮೇಲೆ ಬರುತ್ತವೆ. ಎರಡೂ ಕಡೆಯ ಚೀಟಿಗಳನ್ನು ಅದೇ ವಾರ ಬದಲಿಸಬೇಕು.

ಒಂದು ಸೌಲಭ್ಯದ ಬಗ್ಗೆ ಎಚ್ಚರಿಕೆ ಬೇಕು. ಈ ಕಂಪ್ಯೂಟರಿನಲ್ಲಿ ಡ್ರೈವ್ ತಾನಾಗಿ ತೆರೆದುಕೊಳ್ಳಲಿ ಎಂಬ ಆಯ್ಕೆ ಬಿಟ್‌ಲಾಕರ್‌ನಲ್ಲಿದೆ. ಅದನ್ನು ಒಮ್ಮೆ ಒತ್ತಿದವರು ಎರಡು ವರ್ಷ ಪಾಸ್‌ವರ್ಡ್ ಟೈಪ್ ಮಾಡುವುದೇ ಇಲ್ಲ, ನಿಧಾನವಾಗಿ ಮರೆಯುತ್ತಾರೆ. ಲ್ಯಾಪ್‌ಟಾಪ್ ಹೋದ ದಿನ ಗೊತ್ತಾಗುತ್ತದೆ. ಬ್ಯಾಕಪ್ ಡ್ರೈವ್‌ಗೆ ಈ ಆಯ್ಕೆ ಬೇಡವೇ ಬೇಡ. ವಾರಕ್ಕೊಮ್ಮೆ ಕೈಯಾರೆ ಟೈಪ್ ಮಾಡಿದ್ದು ಬೆರಳಿಗೂ ನೆನಪಿರುತ್ತದೆ. ಬ್ಯಾಕಪ್ ಮುಗಿದ ಮೇಲೆ ಡ್ರೈವ್ ಅನ್ನು ತೆಗೆದಿಡಬೇಕು. ತೆರೆದು ಚುಚ್ಚಿಕೊಂಡೇ ಇರುವ ಡ್ರೈವ್ ಅನ್ನು ರಾನ್ಸಮ್‌ವೇರ್‌ನಿಂದ ಎನ್‌ಕ್ರಿಪ್ಷನ್ ಕಾಪಾಡುವುದಿಲ್ಲ.

ದೀಪಾವಳಿಗೆ ಗದಗಕ್ಕೆ ಹೋದಾಗ ಸಲಹೆಗಾರ್ತಿ ಡ್ರೈವ್ ಜೊತೆಗೊಯ್ಯುತ್ತಾರೆ. ತಮ್ಮನ ಲ್ಯಾಪ್‌ಟಾಪ್ ವಿಂಡೋಸ್ ಹೋಮ್. ಚುಚ್ಚಿದಾಗ ಪಾಸ್‌ವರ್ಡ್ ಕೇಳಿತು. ಅವರು ಅದನ್ನು ಹಾಕದೆ `More options` ಒತ್ತಿ, `Enter recovery key` ಆರಿಸಿ, ತವರಿನ ಕಪಾಟಿನಿಂದ ತೆಗೆದ ಲಕೋಟೆಯ ಅಂಕಿಗಳನ್ನು ಒಂದೊಂದಾಗಿ ಹೊಡೆಯುತ್ತಾರೆ. ಡ್ರೈವ್ ತೆರೆಯುತ್ತದೆ. ಕಳೆದ ಮಾರ್ಚ್‌ನ ಒಂದು ಲೆಕ್ಕದ ಹಾಳೆ, ಮಗಳ ಒಂದು ಫೋಟೊ ತೆರೆದು ನೋಡಿ, ಡ್ರೈವ್ ಅನ್ನು ಸರಿಯಾಗಿ `Eject` ಮಾಡಿ, ಚೀಟಿಯ ಹಿಂಬದಿಗೆ ಅಂದಿನ ದಿನಾಂಕ ಬರೆದು, ಹೊಸ ಲಕೋಟೆಗೆ ಹಾಕಿ ಅಂಟಿಸುತ್ತಾರೆ.