ನೂರು ಪದಗಳಲ್ಲಿ ಕದ್ರಿ ಗೋಪಾಲನಾಥ್

ಸಂಗೀತೋತ್ಸವದ ಕೈಹೊತ್ತಿಗೆಯಲ್ಲಿ ಒಬ್ಬ ಕಲಾವಿದರ ಪರಿಚಯಕ್ಕೆ ಸಿಗುವ ಜಾಗ ಸಣ್ಣದು: ಒಂದು ಭಾವಚಿತ್ರ, ಪಕ್ಕದಲ್ಲಿ ಹೆಚ್ಚೆಂದರೆ ನೂರು ಪದ. ಅದರಲ್ಲಿ ಅರ್ಧವನ್ನು ಬಿರುದುಗಳೇ ತಿಂದುಹಾಕುತ್ತವೆ. ಉಳಿದರ್ಧ ದೇಶ-ವಿದೇಶಗಳ ಹೆಸರಿಗೆ ಹೋಗುತ್ತದೆ. ಇನ್ನೇನು ಪರದೆ ಸರಿಯುವ ಹೊತ್ತಿಗೆ ಅದನ್ನು ಓದುವ ಕೇಳುಗನಿಗೆ ಇವರು ಏನು ನುಡಿಸುತ್ತಾರೆ, ಅದರಲ್ಲಿ ಯಾವುದಕ್ಕೆ ಕಿವಿಗೊಡಬೇಕು ಎಂಬುದೇ ತಿಳಿಯುವುದಿಲ್ಲ.

ಕದ್ರಿ ಗೋಪಾಲನಾಥರನ್ನೇ ತೆಗೆದುಕೊಳ್ಳಿ. ‘ಸ್ಯಾಕ್ಸೊಫೋನ್ ಚಕ್ರವರ್ತಿ’ ಎಂದು ಶುರುಮಾಡುವುದು ಸುಲಭ. ಆದರೆ ಅವರ ಬದುಕಿನ ನಿಜವಾದ ಕಥೆ ಇರುವುದು ಆ ವಾದ್ಯದ ಮೇಲೆ ಅವರು ಮಾಡಿದ ಕೆಲಸದಲ್ಲಿ.

ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಹಕ್ಕುಪತ್ರ ಪಡೆದ ಈ ಹಿತ್ತಾಳೆಯ ವಾದ್ಯದಲ್ಲಿ ಬೆರಳು ನೇರವಾಗಿ ರಂಧ್ರವನ್ನು ಮುಟ್ಟುವುದಿಲ್ಲ. ಬೆರಳು ಕೀಲಿಯನ್ನು ಒತ್ತುತ್ತದೆ, ಕೀಲಿಯ ತುದಿಯ ಮೆತ್ತೆ ರಂಧ್ರವನ್ನು ಮುಚ್ಚುತ್ತದೆ ಇಲ್ಲವೇ ತೆರೆಯುತ್ತದೆ. ಹೀಗಾಗಿ ಒಂದೊಂದು ಸ್ವರವೂ ತನ್ನ ಜಾಗದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಬ್ಯಾಂಡಿಗೆ ಬೇಕಾದದ್ದು ಅದೇ. ಕರ್ನಾಟಕ ಸಂಗೀತಕ್ಕೆ ಅಷ್ಟು ಸಾಲದು. ತೋಡಿಯ ಗಾಂಧಾರವು ಒಂದೇ ಕಡೆ ನಿಲ್ಲುವುದಿಲ್ಲ. ರಿಷಭದತ್ತ ಇಳಿದು, ಮಧ್ಯಮದತ್ತ ಏರಿ ತೂಗುತ್ತಿರಬೇಕು. ಆ ತೂಗಾಟವೇ ಗಮಕ. ಅದು ತಪ್ಪಿದರೆ ಸ್ವರಗಳು ಬಿಡಿಬಿಡಿಯಾಗಿ ಕೇಳಿಸುತ್ತವೆ, ರಾಗದ ಮುಖ ಕಾಣುವುದಿಲ್ಲ.

ನಾಗಸ್ವರದವರಿಗೆ ಈ ತೊಡಕು ಇಲ್ಲ. ಅವರ ಬೆರಳು ರಂಧ್ರದ ಮೇಲೇ ಇರುತ್ತದೆ. ಅರ್ಧ ಎತ್ತಿ, ತುಟಿ ಮತ್ತು ಉಸಿರಿನ ಒತ್ತಡ ಬದಲಿಸಿ ಸ್ವರವನ್ನು ಜಾರಿಸುತ್ತಾರೆ. ಸ್ಯಾಕ್ಸೊಫೋನಿನಲ್ಲಿ ಅದನ್ನು ತರಬೇಕಾದರೆ ದವಡೆಯ ಹಿಡಿತ ಸಡಿಲಿಸಿ ಸ್ವರವನ್ನು ಕೆಳಗೆ ಬಾಗಿಸಬೇಕು, ಕೀಲಿಯನ್ನು ಪೂರ್ತಿ ಬಿಡದೆ ಮೆಲ್ಲಗೆ ಬಿಡಬೇಕು. ಕೆಳಕ್ಕೆ ಬಾಗಿಸುವಷ್ಟು ಸುಲಭವಾಗಿ ಮೇಲಕ್ಕೆ ಬಾಗಿಸಲಾಗದು. ತಾರಸ್ಥಾಯಿ ತುಟಿಯ ಮಾತು ಕೇಳುವಷ್ಟು ಮಂದ್ರಸ್ಥಾಯಿ ಕೇಳುವುದಿಲ್ಲ.

ಈ ಸವಾಲಿಗೆ ಗೋಪಾಲನಾಥರ ಕಿವಿ ಮೊದಲೇ ಹದವಾಗಿತ್ತು. 1949ರಲ್ಲಿ ಬಂಟ್ವಾಳ ತಾಲೂಕಿನಲ್ಲಿ ಹುಟ್ಟಿದ ಅವರ ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು; ಮನೆಯ ಪಾಠವೂ ಅದೇ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತ ಮೇಲೆ ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರ ಬಳಿ ಕಲಿತರು. ಮುಂದೆ ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಮಾರ್ಗದರ್ಶನ ಸಿಕ್ಕಿತು. ‘ಪ್ರಭಾವ’ ಎಂದು ಹತ್ತು ದೊಡ್ಡ ಹೆಸರು ಪೋಣಿಸುವ ಬದಲು, ನುಡಿಸಾಣಿಕೆಯಲ್ಲಿ ಕೇಳಿಸುವ ಒಂದೆರಡನ್ನು ಹೇಳಿದರೆ ಸಾಕು. ಇವರ ವಾದನದಲ್ಲಿ ಕೇಳಿಸುವುದು ನಾಗಸ್ವರ.

ಸಾಧನೆಯ ಆಯ್ಕೆಯಲ್ಲಿಯೂ ಇದೇ ವಿವೇಕ ಬೇಕು. 1980ರ ಮುಂಬೈ ಜಾಜ್ ಉತ್ಸವದಲ್ಲಿ ಇವರನ್ನು ಕೇಳಿದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ತಾವೂ ಜೊತೆಗೆ ನುಡಿಸಲೇ ಎಂದು ಕೇಳಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನ ಬಿಬಿಸಿ ಪ್ರಾಮ್ಸ್‌ನಿಂದ ಕರೆ ಬಂತು. ಅಮೆರಿಕದ ಜಾಜ್ ವಾದಕ ರುದ್ರೇಶ್ ಮಹಾಂತಪ್ಪ 2008ರಲ್ಲಿ ಇವರೊಂದಿಗೆ ‘ಕಿನ್ಸ್‌ಮೆನ್’ ಧ್ವನಿಮುದ್ರಿಕೆ ತಂದರು. ಈ ಮೂರೂ ಬರೀ ಗೌರವಗಳಲ್ಲ. ಸ್ಯಾಕ್ಸೊಫೋನನ್ನು ತಮ್ಮದೆಂದು ತಿಳಿದವರೇ ಇಲ್ಲಿಯ ನುಡಿಗಾರಿಕೆಯತ್ತ ತಿರುಗಿ ನೋಡಿದ್ದಕ್ಕೆ ಪುರಾವೆ. ಹತ್ತು ಸನ್ಮಾನಗಳ ಪಟ್ಟಿಗಿಂತ ಇಂಥ ಒಂದು ಘಟನೆ ಹೆಚ್ಚು ಹೇಳುತ್ತದೆ.

ಪದ್ಮಶ್ರೀ ಬಂದ ಮರುವರ್ಷದ, ಅಂದರೆ 2005ರ, ಉತ್ಸವವೊಂದಕ್ಕೆ ಬರೆಯುವುದಾದರೆ ಪರಿಚಯ ಹೀಗಿರಬಹುದು:

‘ಕದ್ರಿ ಗೋಪಾಲನಾಥ್ ಆಲ್ಟೊ ಸ್ಯಾಕ್ಸೊಫೋನಿನಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನೂ ರಾಗಾಲಾಪನೆಯನ್ನೂ ನುಡಿಸುತ್ತಾರೆ. ಕೀಲಿಗಳ ವಾದ್ಯದಲ್ಲಿ ಗಮಕ ಹೊಮ್ಮಿಸುವುದು ಇವರ ವೈಶಿಷ್ಟ್ಯ; ತಂದೆಯಿಂದ ಬಂದ ನಾಗಸ್ವರದ ಬಾನಿ ಇದಕ್ಕೆ ತಳಹದಿ. ಗೋಪಾಲಕೃಷ್ಣ ಅಯ್ಯರ್ ಮತ್ತು ಟಿ.ವಿ. ಗೋಪಾಲಕೃಷ್ಣನ್ ಇವರ ಗುರುಗಳು. 1994ರಲ್ಲಿ ಬಿಬಿಸಿ ಪ್ರಾಮ್ಸ್‌ಗೆ ಆಹ್ವಾನಿತರು. ಪದ್ಮಶ್ರೀ, 2004.’

ಇದರಲ್ಲಿ ‘ಡ್ಯುಯೆಟ್’ ಇಲ್ಲ. ಕೆ. ಬಾಲಚಂದರ್ ನಿರ್ದೇಶನದ, ಎ.ಆರ್. ರೆಹಮಾನ್ ಸಂಗೀತದ ಆ 1994ರ ತಮಿಳು ಚಿತ್ರ ಇವರ ಸ್ಯಾಕ್ಸೊಫೋನನ್ನು ಸಭೆಯ ಮೆಟ್ಟಿಲು ಹತ್ತದವರ ಮನೆಗೂ ಮುಟ್ಟಿಸಿತು. ಊರ ಉತ್ಸವಕ್ಕೆ, ಕಾಲೇಜಿನ ಹಬ್ಬಕ್ಕೆ ಬರೆಯುವಾಗ ಅದನ್ನು ಎರಡನೆಯ ವಾಕ್ಯಕ್ಕೇ ತರಬೇಕು. ಸಂಗೀತ ಸಭೆಯ ಕಛೇರಿಗಾದರೆ ಆ ಜಾಗವನ್ನು ಪಕ್ಕವಾದ್ಯದವರಿಗೆ ಬಿಡುವುದು ಲೇಸು: ಎಷ್ಟೋ ವೇದಿಕೆಗಳಲ್ಲಿ ಇವರ ಪಕ್ಕದಲ್ಲಿದ್ದ ಪಿಟೀಲು ಎ. ಕನ್ಯಾಕುಮಾರಿ ಅವರದು, ಮತ್ತು ಕೈಹೊತ್ತಿಗೆ ಹಿಡಿದ ರಸಿಕರು ಮೊದಲು ಹುಡುಕುವುದೇ ಆ ಹೆಸರನ್ನು.